ಮೂವತ್ತು ಸಾವಿರ ಅಂದಿದ್ದರಲ್ಲ, ಉಳಿದ 4,521 ರೂಪಾಯಿ ಎಲ್ಲಿ?

2025ರ ಆಯುಧಪೂಜೆಯ ಬೆಳಿಗ್ಗೆ. ತಿಪಟೂರಿನ ಅಕ್ಕನ ಮನೆ ಅಂಗಳದಲ್ಲಿ ಭಾವ ಸ್ಕೂಟರ್ ತೊಳೆದು ಚೆಂಡುಹೂವಿನ ಹಾರ ಕಟ್ಟುತ್ತಿದ್ದರು. ಅಕ್ಕನ ಮಗಳು ಪುಟ್ಟಿ ಜಗಲಿಯ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದಳು. ಸೆಪ್ಟೆಂಬರ್ 1ಕ್ಕೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವಳು, ಹಬ್ಬಕ್ಕೆಂದು ರಾತ್ರಿಯಷ್ಟೇ ಊರಿಗೆ ಬಂದಿದ್ದಳು. ಹಿಂದಿನ ದಿನ ಅವಳ ಮೊದಲ ಸಂಬಳ ಬ್ಯಾಂಕಿಗೆ ಬಿದ್ದಿತ್ತು.

"ಚಿಕ್ಕಮ್ಮ, ಇಲ್ಲಿ ಬನ್ನಿ. ಇದರಲ್ಲಿ ಏನೋ ತಪ್ಪಾಗಿದೆ" ಅಂದಳು.

ನಾನು ಹದಿನೈದು ವರ್ಷದಿಂದ ತುಮಕೂರಿನಲ್ಲಿ ಕಂಪನಿಗಳ ಅಕೌಂಟ್ಸ್ ವಿಭಾಗದಲ್ಲಿ ಸಂಬಳದ ಲೆಕ್ಕ ಮಾಡುತ್ತಿದ್ದೇನೆ. ಈ ಮಾತನ್ನು ಪ್ರತಿ ತಿಂಗಳೂ ಯಾರಾದರೊಬ್ಬರು ಹೇಳುತ್ತಾರೆ. ಆದರೆ ಮನೆಯ ಹುಡುಗಿ ಕೇಳಿದಾಗ ಪೂರ್ತಿ ಕೂತು ಬಿಡಿಸಿ ಹೇಳಬೇಕು ಅನಿಸಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವಳ ಗೊಂದಲ ಇಷ್ಟು. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 3,60,000 ಅಂತ ಬರೆದಿತ್ತು. ಅಂದರೆ ತಿಂಗಳಿಗೆ 30,000. ಬ್ಯಾಂಕಿಗೆ ಬಂದದ್ದು 25,479. ಕಡಿಮೆಯಾದದ್ದು 4,521 ರೂಪಾಯಿ. ಸರಿ, ಏನೋ ಹಿಡಿದುಕೊಂಡಿದ್ದಾರೆ ಅಂತ ಸ್ಯಾಲರಿ ಸ್ಲಿಪ್ ತೆಗೆದು ನೋಡಿದರೆ, ಕಡಿತದ ಕಾಲಂನಲ್ಲಿ ಇರುವುದು ಬರೀ 2,000. ಹಾಗಾದರೆ ಉಳಿದ 2,521 ಎಲ್ಲಿ?

ಪ್ರಶ್ನೆ ಸರಿಯಾಗಿತ್ತು. ಬಹಳ ಜನ ಕಡಿತದ ಕಾಲಂ ನೋಡಿ ಸುಮ್ಮನಾಗುತ್ತಾರೆ. ಇವಳು ಎರಡು ಕಾಗದ ಅಕ್ಕಪಕ್ಕ ಇಟ್ಟುಕೊಂಡು ಕೂಡಿ ಕಳೆದಿದ್ದಳು.

## ಸ್ಲಿಪ್‌ನಲ್ಲಿ ಏನಿತ್ತು

ಎಡಗಡೆ ಗಳಿಕೆ. ಬೇಸಿಕ್ 15,000. ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ, 6,000. ಸ್ಪೆಷಲ್ ಅಲೊವೆನ್ಸ್ 6,479. ಮೂರೂ ಸೇರಿ 27,479. ಇದಕ್ಕೆ ಗ್ರಾಸ್ ಅನ್ನುತ್ತಾರೆ.

ಬಲಗಡೆ ಕಡಿತ. ಪಿಎಫ್ 1,800. ಪಿಟಿ 200. ಟಿಡಿಎಸ್ ಸೊನ್ನೆ. ಒಟ್ಟು 2,000.

ಗ್ರಾಸ್‌ನಲ್ಲಿ ಕಡಿತ ಕಳೆದರೆ 25,479. ಇದು ನೆಟ್, ಕೈಗೆ ಬರುವ ಸಂಬಳ. ಸ್ಲಿಪ್ ಒಳಗಿನ ಲೆಕ್ಕ ಪೈಸೆಯಷ್ಟೂ ತಪ್ಪಿರಲಿಲ್ಲ. ಆದರೆ ಸ್ಲಿಪ್ ಶುರುವಾಗುವುದೇ 27,479ರಿಂದ. ಮೂವತ್ತು ಸಾವಿರ ಅನ್ನುವ ಸಂಖ್ಯೆ ಅದರಲ್ಲಿ ಎಲ್ಲೂ ಇಲ್ಲ.

## ಆಫರ್ ಲೆಟರ್‌ನ ಮೂವತ್ತು ಸಾವಿರ ಯಾರ ಲೆಕ್ಕ?

ಅಷ್ಟರಲ್ಲಿ ಅಕ್ಕ ಕಾಫಿ ತಂದಳು. ಅವಳನ್ನೇ ಕೇಳಿದೆ: "ತೋಟದಲ್ಲಿ ಕಾಯಿ ಕೀಳಿಸೋಕೆ ಆಳು ಕರೆದರೆ ನಿಂಗೆ ಎಷ್ಟು ಖರ್ಚಾಗುತ್ತೆ?" ಅಕ್ಕ ಯೋಚನೆ ಮಾಡದೆ ಹೇಳಿದಳು. ಕೂಲಿ ಬೇರೆ, ಮಧ್ಯಾಹ್ನದ ಊಟ ಬೇರೆ, ಎರಡು ಸಲ ಕಾಫಿ ಬೇರೆ, ಹೋಗುವಾಗ ನಾಲ್ಕು ಕಾಯಿ. ಎಲ್ಲಾ ಸೇರಿಸಿದರೆ ಕೂಲಿಗಿಂತ ಜಾಸ್ತಿನೇ ಆಗುತ್ತೆ.

"ಆದ್ರೆ ಅವನು ಮನೆಗೆ ಹೋಗಿ ಇವತ್ತಿನ ಕೂಲಿ ಅಂತ ಹೆಂಡತಿ ಕೈಗೆ ಕೊಡೋದು?"

"ಕೂಲಿ ದುಡ್ಡಷ್ಟೇ."

ಸಿಟಿಸಿ ಅಂದರೆ ಅಕ್ಕನ ಕಡೆಯ ಲೆಕ್ಕ. ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರೆ ಕಂಪನಿಗೆ ತಗಲುವ ಒಟ್ಟು ಖರ್ಚು ಅದು. ಪುಟ್ಟಿಗೆ ಹೇಳಿದ ಮೂವತ್ತು ಸಾವಿರ ಇದೇ. ಅದರಲ್ಲಿ ಅವಳ ಗ್ರಾಸ್ 27,479 ಇದೆ. ಜೊತೆಗೆ ಅವಳ ಹೆಸರಿನಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲು 1,800 ಇದೆ. ಇನ್ನು 721 ರೂಪಾಯಿ ಗ್ರಾಚ್ಯುಟಿಯದು. 1,800 ಮತ್ತು 721 ಸೇರಿದರೆ 2,521. ಅವಳು ಹುಡುಕುತ್ತಿದ್ದ ಸಂಖ್ಯೆ ಅದೇ.

ಆಫರ್ ಲೆಟರ್‌ನ ಕೊನೆಯ ಪುಟ ತೆಗೆಸಿದೆ. ಅಲ್ಲಿ ಸಣ್ಣ ಅಕ್ಷರದ ಕೋಷ್ಟಕದಲ್ಲಿ ಈ ಎರಡೂ ಸಾಲು ಇದ್ದವು. ಅವಳು ಸಹಿ ಹಾಕಿದ್ದು ಅದರ ಕೆಳಗೇ.

ಇಲ್ಲಿ ಒಂದು ಎಚ್ಚರಿಕೆ. ಕಂಪನಿ ತನ್ನ ಪಾಲನ್ನು ಸಿಟಿಸಿಯಲ್ಲಿ ಲೆಕ್ಕಕ್ಕೆ ಹಿಡಿಯುವುದು ಎಲ್ಲೆಡೆ ಇರುವ ರೂಢಿ. ಆದರೆ ಸ್ಲಿಪ್‌ನ ಕಡಿತದ ಕಾಲಂನಲ್ಲಿ ನಿಮ್ಮ ಪಿಎಫ್ ಜೊತೆ "ಕಂಪನಿಯ ಪಿಎಫ್" ಅಂತ ಇನ್ನೊಂದು ಸಾಲು ಇದ್ದರೆ ಕೇಳಲೇಬೇಕು. ಕಂಪನಿ ಕೊಡಬೇಕಾದ ಪಾಲನ್ನು ನೌಕರರ ಸಂಬಳದಿಂದ ಹಿಡಿಯುವಂತಿಲ್ಲ ಎಂದು ಪಿಎಫ್ ಯೋಜನೆಯ ನಿಯಮದಲ್ಲೇ ಇದೆ.

## ಪಿಎಫ್: ಒಂದು ಹೆಸರು, ಮೂರು ಡಬ್ಬಿ

ಪುಟ್ಟಿಯ 4,521ರಲ್ಲಿ ದೊಡ್ಡ ಪಾಲು ಪಿಎಫ್‌ದು. ಅವಳದು 1,800, ಕಂಪನಿಯದು 1,800. ಪಿಎಫ್ ಅಂದರೆ ಭವಿಷ್ಯ ನಿಧಿ, 1952ರ ಕಾನೂನಿನಿಂದ ಬಂದದ್ದು. ಬೇಸಿಕ್ ಮತ್ತು ತುಟ್ಟಿಭತ್ಯೆಯ ಮೇಲೆ ನೌಕರರಿಂದ ಶೇಕಡಾ 12, ಕಂಪನಿಯಿಂದ ಶೇಕಡಾ 12. ಇವಳಿಗೆ ತುಟ್ಟಿಭತ್ಯೆ ಇಲ್ಲ, ಬೇಸಿಕ್ 15,000. ಅದರ ಶೇಕಡಾ 12 ಅಂದರೆ 1,800.

"ನಂಗೆ ಪಿಎಫ್ ಬೇಡ, ಆ ದುಡ್ಡು ಕೈಗೇ ಕೊಡಿ ಅಂದ್ರೆ?" ಅಂದಳು.

ಅವಳ ವಿಷಯದಲ್ಲಿ ಆಗುವುದಿಲ್ಲ. ಪಿಎಫ್ ಲೆಕ್ಕದ ಸಂಬಳ 15,000ದವರೆಗೆ ಇದ್ದರೆ ಸದಸ್ಯರಾಗಲೇಬೇಕು. ಅದಕ್ಕಿಂತ ಹೆಚ್ಚು ಸಂಬಳದಲ್ಲಿ ಮೊದಲ ಬಾರಿ ಕೆಲಸಕ್ಕೆ ಸೇರುವವರಿಗೆ ಮಾತ್ರ ಹೊರಗುಳಿಯುವ ಅವಕಾಶ ಇದೆ. ಸೇರಿದ ದಿನ ಫಾರ್ಮ್ 11 ಅಂತ ಒಂದು ಕಾಗದ ತುಂಬಿಸಿಕೊಳ್ಳುತ್ತಾರೆ. ಹಿಂದೆ ಪಿಎಫ್ ಇತ್ತೇ, ಇಲ್ಲವೇ ಅಂತ ಕೇಳುವುದು ಅಲ್ಲೇ. ಪುಟ್ಟಿಗೆ ಆ ಕಾಗದ ನೆನಪಿತ್ತು. ಏನು ಬರೆದೆ ಅನ್ನುವುದು ನೆನಪಿರಲಿಲ್ಲ.

ಈಗ ಮುಖ್ಯ ವಿಷಯ. ಇಬ್ಬರ ಪಾಲೂ ಸೇರಿ 3,600 ಒಂದೇ ಕಡೆ ಹೋಗಿ ಕೂರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಡುಗೆಮನೆಯಲ್ಲಿ ಅಕ್ಕ ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು, ಬೇಳೆ ಡಬ್ಬಿಯಲ್ಲಿ ಒಂದಿಷ್ಟು ದುಡ್ಡು ಇಡುತ್ತಾಳಲ್ಲ, ಹಾಗೆ ಇದೂ ಬೇರೆ ಬೇರೆ.

ಅವಳ 1,800 ಪೂರ್ತಿ ಪಿಎಫ್ ಖಾತೆಗೆ ಹೋಗುತ್ತದೆ. ಕಂಪನಿಯ 1,800 ಎರಡು ಭಾಗವಾಗುತ್ತದೆ. ಶೇಕಡಾ 8.33, ಅಂದರೆ 1,250 ರೂಪಾಯಿ, ಪಿಂಚಣಿ ಯೋಜನೆಗೆ ಹೋಗುತ್ತದೆ. ಉಳಿದ 550 ಮಾತ್ರ ಅವಳ ಪಿಎಫ್ ಖಾತೆಗೆ. ಹಾಗಾಗಿ ತಿಂಗಳಿಗೆ ಖಾತೆಯಲ್ಲಿ ಬೆಳೆಯುವ ಹಣ 3,600 ಅಲ್ಲ, 2,350.

ಈ 2,350ಕ್ಕೆ ಬಡ್ಡಿ ಇದೆ. 2024-25ರ ಸಾಲಿಗೆ ಶೇಕಡಾ 8.25 ಕೊಟ್ಟರು. ಬಡ್ಡಿಯನ್ನು ತಿಂಗಳ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ, ಆದರೆ ಖಾತೆಗೆ ಹಾಕುವುದು ಹಣಕಾಸು ವರ್ಷ ಮುಗಿದ ಮೇಲೆ ಒಂದೇ ಸಲ. ಮಧ್ಯದಲ್ಲಿ ನೋಡಿ ಬಡ್ಡಿನೇ ಬಂದಿಲ್ಲ ಅಂತ ಗಾಬರಿಯಾಗಬೇಕಿಲ್ಲ.

ಪಿಂಚಣಿಯ 1,250 ಬೇರೆ ಥರ. ಅದು ಅವಳ ಹೆಸರಲ್ಲಿ ಬಡ್ಡಿ ಸಮೇತ ಬೆಳೆಯುವ ಹಣ ಅಲ್ಲ. ಎಲ್ಲರ ಪಾಲೂ ಒಂದೇ ದೊಡ್ಡ ನಿಧಿಗೆ ಸೇರುತ್ತದೆ. ಅವಳಿಗೆ ಕೊನೆಗೆ ಸಿಗುವುದು ಎಷ್ಟು ಕಟ್ಟಿದೆ ಅನ್ನುವುದರ ಮೇಲಲ್ಲ, ಒಂದು ಸೂತ್ರದ ಮೇಲೆ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸುತ್ತಾರೆ. 15,000 ಸಂಬಳಕ್ಕೆ 35 ವರ್ಷದ ಸೇವೆ ಲೆಕ್ಕಕ್ಕೆ ಬಂದರೆ ತಿಂಗಳಿಗೆ 7,500. ಪೂರ್ತಿ ಪಿಂಚಣಿ 58ನೇ ವಯಸ್ಸಿಗೆ, ಅದೂ ಕನಿಷ್ಠ 10 ವರ್ಷ ಸೇವೆ ಆಗಿದ್ದರೆ. ಇದು ಕಡಿಮೆ ಅಂತ ಪುಟ್ಟಿಗೆ ಅನಿಸಿತು. ನನಗೂ ಹಾಗೇ ಅನಿಸುತ್ತದೆ. ಅದಕ್ಕೇ ಪಿಎಫ್ ಡಬ್ಬಿ ಬೇರೆ, ಪಿಂಚಣಿ ಡಬ್ಬಿ ಬೇರೆ ಅನ್ನುವುದು ಮೊದಲ ತಿಂಗಳಲ್ಲೇ ಗೊತ್ತಿರಬೇಕು.

ಮೂರನೇ ಡಬ್ಬಿ ಸ್ಲಿಪ್‌ನಲ್ಲಿ ಕಾಣುವುದಿಲ್ಲ. ಅದು ವಿಮೆ. 15,000ದ ಮೇಲೆ ಶೇಕಡಾ 0.5, ಅಂದರೆ 75 ರೂಪಾಯಿಯನ್ನು ಕಂಪನಿ ತನ್ನ ಕೈಯಿಂದ ಕಟ್ಟುತ್ತದೆ. ಕೆಲಸದಲ್ಲಿದ್ದಾಗ ಸದಸ್ಯರು ತೀರಿಕೊಂಡರೆ ನಾಮಿನಿಗೆ ಗರಿಷ್ಠ 7 ಲಕ್ಷದವರೆಗೆ ಸಿಗುತ್ತದೆ. ಹಬ್ಬದ ದಿನ ಈ ಮಾತು ಬೇಡವಾಗಿತ್ತು, ಆದರೂ ಹೇಳಿದೆ. ಯಾಕೆಂದರೆ ನಾಮಿನಿ ಹೆಸರು ಹಾಕದೆ ಬಿಟ್ಟವರ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

## 721 ರೂಪಾಯಿ: ಎಲ್ಲೂ ಇಲ್ಲದ ದುಡ್ಡು

ಗ್ರಾಚ್ಯುಟಿ ಅಂದರೆ ಬಹಳ ವರ್ಷ ಕೆಲಸ ಮಾಡಿದವರಿಗೆ ಬಿಡುವಾಗ ಕಂಪನಿ ಕೊಡಬೇಕಾದ ಮೊತ್ತ. ಆಗಿನ ಲೆಕ್ಕ ಹೀಗಿತ್ತು: ಕೊನೆಯ ಬೇಸಿಕ್ ಅನ್ನು 26ರಿಂದ ಭಾಗಿಸಿ 15ರಿಂದ ಗುಣಿಸುವುದು. ಒಂದು ವರ್ಷದ ಸೇವೆಗೆ ಅಷ್ಟು. ತಿಂಗಳಿಗೆ 26 ದಿನ ಕೆಲಸ ಅಂದುಕೊಂಡು ಹದಿನೈದು ದಿನದ ಸಂಬಳ ಅಂತ ಅರ್ಥ. 15,000ಕ್ಕೆ ಅದು ಸುಮಾರು 8,654. ಹನ್ನೆರಡು ತಿಂಗಳಿಗೆ ಹಂಚಿದರೆ 721.

ಈ 721 ಪ್ರತಿ ತಿಂಗಳು ಪುಟ್ಟಿಯ ಹೆಸರಲ್ಲಿ ಯಾವ ಖಾತೆಗೂ ಹೋಗುವುದಿಲ್ಲ. ಮುಂದೆ ಕೊಡಬೇಕಾಗಬಹುದು ಅಂತ ಕಂಪನಿ ತನ್ನ ಪುಸ್ತಕದಲ್ಲಿ ಬರೆದುಕೊಂಡ ಅಂದಾಜು ಅದು. ಕಾಯಂ ನೌಕರಿಯಲ್ಲಿ 5 ವರ್ಷ ತುಂಬಿದ ಮೇಲೆ ಬಿಟ್ಟರೆ ಹಕ್ಕಿನಿಂದ ಸಿಗುತ್ತದೆ. ಎರಡು ವರ್ಷಕ್ಕೆ ತಾನಾಗಿ ಕೆಲಸ ಬದಲಾಯಿಸಿದರೆ ಸಿಗುವುದಿಲ್ಲ.

"ಅಂದ್ರೆ ಆಫರ್ ಲೆಟರ್‌ನಲ್ಲಿ ಬರೆದಿದ್ರೂ ನಂಗೆ ಬರದೇನೂ ಇರಬಹುದು?"

ಹೌದು. ಎರಡು ಕಂಪನಿಗಳ ಆಫರ್ ಹೋಲಿಸುವಾಗ ಸಿಟಿಸಿ ನೋಡಬೇಡ, ಗ್ರಾಸ್ ನೋಡು ಅಂತ ನಾನು ಹೇಳುವುದು ಇದಕ್ಕೇ.

## ಪಿಟಿ 200, ಟಿಡಿಎಸ್ ಸೊನ್ನೆ

ಪಿಟಿ ಅಂದರೆ ವೃತ್ತಿ ತೆರಿಗೆ. ಇದು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಜಾಸ್ತಿ ಇದ್ದರೆ 200 ರೂಪಾಯಿ. ಕಡಿಮೆ ಇದ್ದರೆ ಇಲ್ಲ. ಇಲ್ಲಿ ನೋಡುವುದು ಬೇಸಿಕ್ ಅಲ್ಲ, ಗ್ರಾಸ್. ಸಂಬಳವಿಲ್ಲದ ರಜೆ ಜಾಸ್ತಿಯಾಗಿ ಯಾವುದಾದರೂ ತಿಂಗಳು ಗ್ರಾಸ್ 25,000ಕ್ಕಿಂತ ಇಳಿದರೆ ಆ ತಿಂಗಳು ಪಿಟಿ ಹಿಡಿಯುವುದಿಲ್ಲ.

2025ರ ಏಪ್ರಿಲ್‌ನಿಂದ ಒಂದು ಬದಲಾವಣೆ ಆಗಿದೆ. ಫೆಬ್ರವರಿಯಲ್ಲಿ ಮಾತ್ರ 300 ಹಿಡಿಯುತ್ತಾರೆ. ವೃತ್ತಿ ತೆರಿಗೆ ಒಬ್ಬರಿಗೆ ವರ್ಷಕ್ಕೆ 2,500 ಮೀರಬಾರದು ಎಂದು ಸಂವಿಧಾನದ 276ನೇ ವಿಧಿ ಹೇಳುತ್ತದೆ. ಹನ್ನೊಂದು ತಿಂಗಳು 200, ಒಂದು ತಿಂಗಳು 300. ಕೂಡಿದರೆ ಸರಿಯಾಗಿ 2,500.

ಟಿಡಿಎಸ್ ಆದಾಯ ತೆರಿಗೆ. ಪುಟ್ಟಿಯ ವರ್ಷದ ಗ್ರಾಸ್ ಸುಮಾರು 3.3 ಲಕ್ಷ. 2025-26ರಲ್ಲಿ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಆದ್ದರಿಂದ ಸೊನ್ನೆ. ನೌಕರರ ವೈದ್ಯಕೀಯ ವಿಮೆಯಾದ ಇಎಸ್‌ಐ ಸಾಲು ಅವಳ ಸ್ಲಿಪ್‌ನಲ್ಲಿ ಇರಲೇ ಇಲ್ಲ. ಅದು ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ.

## ಹಿಡಿದದ್ದು ಬೇರೆ, ಕಟ್ಟಿದ್ದು ಬೇರೆ

ಇಷ್ಟು ಕೇಳಿದ ಮೇಲೆ ಪುಟ್ಟಿಗೆ ಸಮಾಧಾನ ಆಯಿತು. ನನಗೆ ಆಗಿರಲಿಲ್ಲ. ಸ್ಲಿಪ್ ಹೇಳುವುದು ನಿನ್ನಿಂದ ಹಿಡಿದಿದ್ದೇವೆ ಅಂತ ಮಾತ್ರ. ಅದು ಪಿಎಫ್ ಕಚೇರಿಗೆ ಸೇರಿತು ಅನ್ನುವುದಕ್ಕೆ ಸ್ಲಿಪ್ ಸಾಕ್ಷಿ ಅಲ್ಲ.

ಇದು ನಾನು ಅನುಭವಿಸಿ ಕಲಿತ ಪಾಠ. 2010ರಲ್ಲಿ ನಾನು ಮೊದಲು ಸೇರಿದ್ದ ಸಣ್ಣ ಕಂಪನಿ ಪ್ರತಿ ತಿಂಗಳು ಪಿಎಫ್ ಹಿಡಿಯುತ್ತಿತ್ತು. ಕೆಲಸ ಬಿಟ್ಟು ಹಣಕ್ಕೆ ಅರ್ಜಿ ಹಾಕಿದಾಗ ಮೂರು ತಿಂಗಳದ್ದು ಕಟ್ಟೇ ಇಲ್ಲ ಅಂತ ಗೊತ್ತಾಯಿತು. ಹಳೆಯ ಸ್ಲಿಪ್‌ಗಳನ್ನು ಜೋಪಾನವಾಗಿ ಇಟ್ಟಿದ್ದರಿಂದ ಕೇಳಲು ಆಧಾರ ಇತ್ತು. ಆಗ ಯುಎಎನ್, ಅಂದರೆ ಪ್ರತಿ ಸದಸ್ಯರಿಗೂ ಇರುವ ಒಂದೇ ಪಿಎಫ್ ಸಂಖ್ಯೆ, ಇರಲಿಲ್ಲ, ಅದು ಬಂದದ್ದು 2014ರಲ್ಲಿ. ಈಗ ಮೊಬೈಲ್‌ನಲ್ಲೇ ನೋಡಬಹುದು.

ನಮ್ಮ ಕಡೆಯಿಂದ ನಡೆಯುವುದು ಹೀಗೆ. ಸೆಪ್ಟೆಂಬರ್ ಸಂಬಳದ ಪಿಎಫ್ ಅನ್ನು ಕಂಪನಿ ಅಕ್ಟೋಬರ್ 15ರೊಳಗೆ ಕಟ್ಟಬೇಕು. ಅದಕ್ಕೆ ಮೊದಲು ಎಲ್ಲಾ ನೌಕರರ ಲೆಕ್ಕದ ಒಂದು ಫೈಲ್ ಪಿಎಫ್ ಪೋರ್ಟಲ್‌ಗೆ ಹಾಕುತ್ತೇವೆ. ಒಬ್ಬರಿಗೆ ಒಂದು ಸಾಲು. ಪುಟ್ಟಿಯ ಸಾಲು ಹೀಗಿರುತ್ತದೆ:

```
UAN#~#NAME#~#27479#~#15000#~#15000#~#15000#~#1800#~#1250#~#550#~#0#~#0
```

ಮೊದಲು ಅವಳ 12 ಅಂಕಿಯ ಯುಎಎನ್, ಆಮೇಲೆ ಹೆಸರು, ಆಮೇಲೆ ಗ್ರಾಸ್. ಮೂರು ಸಲ ಬರುವ 15,000 ಪಿಎಫ್, ಪಿಂಚಣಿ ಮತ್ತು ವಿಮೆಗೆ ಹಿಡಿದ ಸಂಬಳ. ನಂತರ ಅವಳ 1,800, ಪಿಂಚಣಿಯ 1,250, ಕಂಪನಿಯ ಉಳಿದ 550. ಕೊನೆಯ ಎರಡು ಸೊನ್ನೆಗಳಲ್ಲಿ ಮೊದಲನೆಯದು ಸಂಬಳವಿಲ್ಲದ ದಿನಗಳು. ಯುಎಎನ್‌ನಲ್ಲಿ ಒಂದು ಅಂಕಿ ತಪ್ಪಿದರೆ ಅವಳ ಹಣ ಅವಳ ಖಾತೆಗೆ ಹೋಗುವುದಿಲ್ಲ. ಫೈಲ್ ಹಾಕಿ, ಬ್ಯಾಂಕಿನಿಂದ ಹಣ ಹೋದ ಮೇಲೆ ಕೆಲವು ದಿನಗಳಲ್ಲಿ ಸದಸ್ಯರ ಪಿಎಫ್ ಪಾಸ್‌ಬುಕ್‌ನಲ್ಲಿ ಸಾಲು ಮೂಡುತ್ತದೆ.

ಸ್ಲಿಪ್‌ನ ಮೇಲ್ಭಾಗದಲ್ಲಿ ಯುಎಎನ್ ಅಚ್ಚಾಗಿತ್ತು. ಪುಟ್ಟಿ ಅದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಪಾಸ್‌ಬುಕ್ ನೋಡಲು ಯುಎಎನ್ ಸಕ್ರಿಯ ಆಗಿರಬೇಕು, ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯೂ ಸೇರಿದ್ದರೆ ಒಳ್ಳೆಯದು. ಇಂಟರ್ನೆಟ್ ಬೇಡ ಅಂದರೆ ನೋಂದಾಯಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೂ ಸಾಕು. 7738299899ಕ್ಕೆ `EPFOHO UAN KAN` ಅಂತ ಎಸ್‌ಎಂಎಸ್ ಕಳಿಸಿದರೆ ವಿವರ ಕನ್ನಡದಲ್ಲೇ ಬರುತ್ತದೆ. ಕೊನೆಯ ಮೂರು ಅಕ್ಷರ ಅದಕ್ಕೇ.

ನಮ್ಮ ಕಡೆಯವರಿಗೆ ಬರುವ ದೊಡ್ಡ ತೊಂದರೆ ಇನಿಷಿಯಲ್‌ದು. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಬ್ಯಾಂಕಿನಲ್ಲಿ ಹೆಸರಿನ ಮುಂದೆ, ಕಂಪನಿ ದಾಖಲೆಯಲ್ಲಿ ಅಪ್ಪನ ಹೆಸರು ಪೂರ್ತಿ. ಹಣ ಕಟ್ಟುವಾಗ ಯಾರೂ ಏನೂ ಅನ್ನುವುದಿಲ್ಲ. ತೆಗೆಯಲು ಹೋದಾಗ ಅರ್ಜಿ ತಿರಸ್ಕಾರ ಆಗುತ್ತದೆ. ಕೆಲಸದಲ್ಲಿರುವಾಗಲೇ ಸರಿ ಮಾಡಿಸಿಕೊಳ್ಳುವುದು ಸುಲಭ, ಬಿಟ್ಟ ಮೇಲೆ ಕಷ್ಟ. ಪುಟ್ಟಿಯ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಜಗಲಿ ಮೇಲೆ ಸಾಲಾಗಿ ಇಟ್ಟು ನೋಡಿದೆವು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರಿನ ಕೊನೆಯ ಒಂದು ಅಕ್ಷರ ಬೇರೆ ಇತ್ತು. ಹಬ್ಬ ಮುಗಿದ ಮೇಲೆ ಬ್ಯಾಂಕಿಗೆ ಹೋಗಿ ತಿದ್ದಿಸಲು ಹೇಳಿದೆ.

15ನೇ ತಾರೀಕು ಕಳೆದು ಎರಡು ವಾರವಾದರೂ ಸಾಲು ಬರದಿದ್ದರೆ? ಮೊದಲು ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೇಳಬೇಕು. ಬಹಳ ಸಲ ಅದು ಯುಎಎನ್ ಅಥವಾ ಆಧಾರ್ ಜೋಡಣೆಯ ಸಮಸ್ಯೆ. ಉತ್ತರ ಬರದೆ ಎರಡು ಮೂರು ತಿಂಗಳು ಹಾಗೇ ಖಾಲಿ ಇದ್ದರೆ ಪಿಎಫ್ ಇಲಾಖೆಯ ದೂರು ಪೋರ್ಟಲ್ `EPFiGMS`ನಲ್ಲಿ ಸ್ಲಿಪ್ ಸಮೇತ ದೂರು ಹಾಕಬಹುದು. ನೌಕರರಿಂದ ಹಿಡಿದ ಪಿಎಫ್ ಕಟ್ಟದೆ ಇರುವುದನ್ನು ಕಾನೂನು ಸಾಲ ಬಾಕಿ ಅಂತ ನೋಡುವುದಿಲ್ಲ, ನಂಬಿಕೆ ದ್ರೋಹದ ಅಪರಾಧ ಅಂತ ನೋಡುತ್ತದೆ.

## ಅಕ್ಟೋಬರ್‌ನ ಸಾಲು

ದೀಪಾವಳಿಗೆ ಅವಳು ಮತ್ತೆ ಬಂದಾಗ ನಾನೂ ಅಲ್ಲೇ ಇದ್ದೆ. ಮನೆ ಹೊಸಿಲು ದಾಟುವ ಮೊದಲೇ ಮೊಬೈಲ್ ತೋರಿಸಿದಳು. ಪಾಸ್‌ಬುಕ್‌ನಲ್ಲಿ ಒಂದೇ ಒಂದು ಸಾಲು. ಸೆಪ್ಟೆಂಬರ್ 2025. ನೌಕರರ ಪಾಲು 1,800, ಕಂಪನಿ ಪಾಲು 550, ಪಿಂಚಣಿ 1,250.

ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಕಂಪನಿಯೋರು ಸಾವಿರದ ಎಂಟುನೂರು ಹಾಕ್ತೀವಿ ಅಂದು ಐನೂರೈವತ್ತು ಹಾಕಿದ್ದಾರಲ್ಲೇ?" ಅಂದಳು.

"ಇಲ್ಲಮ್ಮ, ಈ ಕಡೆ ಡಬ್ಬಿ ನೋಡು" ಅಂತ ಪುಟ್ಟಿ ಬೆರಳಿನಿಂದ ಮೂರನೇ ಕಾಲಂ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಬ್ಯಾಂಕಲ್ಲಿ ಹೆಸರು ಸರಿ ಮಾಡಿಸಿದೆ. ನಾಮಿನಿಗೆ ಅಮ್ಮನ ಹೆಸರು ಹಾಕ್ತೀನಿ, ಅಮ್ಮನ ಆಧಾರ್ ಕಾರ್ಡ್ ಎಲ್ಲಿದೆ?" ಅಂದಳು.

ಅಕ್ಕ ಕಾರ್ಡ್ ಹುಡುಕಲು ಬೀರು ತೆಗೆದಳು.